ರಾತ್ರಿ ಎಷ್ಟು ಗಂಟೆಗೆ ಆರಂಭ? ಪಾಳಿ ಭತ್ಯೆಯ ಲೆಕ್ಕ



ನಿಮ್ಮಲ್ಲಿ ಹಲವರ ಮನೆಗಳಲ್ಲಿ ತಂದೆಯೋ ತಾಯಿಯೋ ಅಣ್ಣನೋ ಪಾಳಿಯ ಮೇಲೆ ಕೆಲಸಕ್ಕೆ ಹೋಗುವವರಿರಬಹುದು. ಒಂದು ವಾರ ಬೆಳಗಿನ ಪಾಳಿ, ಇನ್ನೊಂದು ವಾರ ‘ಸೆಕೆಂಡ್ ಶಿಫ್ಟ್’, ಮತ್ತೊಂದು ವಾರ ರಾತ್ರಿ ಪಾಳಿ. ತಿಂಗಳ ಕೊನೆಗೆ ಬರುವ ಸಂಬಳದ ಚೀಟಿಯಲ್ಲಿ ‘ರಾತ್ರಿ ಪಾಳಿ ಭತ್ಯೆ’ ಎಂಬ ಒಂದು ಸಾಲು ಇರುತ್ತದೆ. ಆ ಸಾಲಿನ ಮುಂದಿರುವ ಮೊತ್ತ ಹೇಗೆ ಬಂತು ಎಂದು ಕೇಳಿದರೆ ಬಹಳ ಮಂದಿ ‘ಆಫೀಸಿನವರು ಹಾಕಿದ್ದಾರೆ’ ಎಂದು ಸುಮ್ಮನಾಗುತ್ತಾರೆ. ಆದರೆ ಆ ಲೆಕ್ಕಕ್ಕೆ ಬೇಕಾಗಿರುವುದು ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಇಷ್ಟೇ. ಹೈಸ್ಕೂಲಿನಲ್ಲಿ ಓದುವ ನೀವು ಅದನ್ನು ಮಾಡಬಲ್ಲಿರಿ.

ತೊಡಕು ಇರುವುದು ಬೇರೆ ಕಡೆ. ರಾತ್ರಿ ಹತ್ತಕ್ಕೆ ಸರಿಯಾಗಿ ಆರಂಭವಾಗಿ ಬೆಳಿಗ್ಗೆ ಆರಕ್ಕೆ ಸರಿಯಾಗಿ ಮುಗಿಯುವ ಪಾಳಿಯಾದರೆ ಲೆಕ್ಕ ಸುಲಭ. ಆದರೆ ಸಂಜೆ ಐದೂವರೆಗೆ ಆರಂಭವಾಗಿ ನಡುರಾತ್ರಿಯ ನಂತರ ಒಂದೂವರೆಗೆ ಮುಗಿಯುವ ಪಾಳಿಯನ್ನು ಏನೆಂದು ಕರೆಯೋಣ? ಅದು ಸಂಜೆಯ ಪಾಳಿಯೇ, ರಾತ್ರಿಯ ಪಾಳಿಯೇ? ಅದರಲ್ಲಿ ಎಷ್ಟು ಗಂಟೆಗೆ ಭತ್ಯೆ ಸಿಗಬೇಕು? ಇಂದು ಈ ಒಂದು ಪ್ರಶ್ನೆಯನ್ನೇ ಹಿಡಿದು ಹೋಗೋಣ. ಒಂದು ಕಾಗದ, ಪೆನ್ಸಿಲ್, ಅಳತೆಪಟ್ಟಿ ಹತ್ತಿರ ಇಟ್ಟುಕೊಳ್ಳಿ.

ನಿಯಮ ಏನು ಹೇಳುತ್ತದೆ?

ಪಾಳಿ ಭತ್ಯೆಯ ನಿಯಮ ಎಲ್ಲ ಕಡೆಯೂ ಒಂದೇ ಅಲ್ಲ. ಖಾಸಗಿ ಕಾರ್ಖಾನೆಗಳಲ್ಲಿ ಆಡಳಿತ ಮಂಡಳಿಯೂ ಕಾರ್ಮಿಕ ಸಂಘವೂ ಮಾಡಿಕೊಂಡ ಒಪ್ಪಂದದಂತೆ ಅದು ನಡೆಯುತ್ತದೆ. ನಾವು ಇಲ್ಲಿ ಕೇಂದ್ರ ಸರ್ಕಾರಿ ನೌಕರರಿಗೆ ಅನ್ವಯಿಸುವ ನಿಯಮವನ್ನು ತೆಗೆದುಕೊಳ್ಳೋಣ. ಏಳನೆಯ ವೇತನ ಆಯೋಗದ ಶಿಫಾರಸಿನ ಮೇಲೆ ತೀರ್ಮಾನ ಕೈಗೊಂಡ ಕೇಂದ್ರದ ಸಿಬ್ಬಂದಿ ಮತ್ತು ತರಬೇತಿ ಇಲಾಖೆಯು 2020ರ ಜುಲೈ 13ರಂದು ಒಂದು ಆದೇಶ ಹೊರಡಿಸಿತು. ಅದನ್ನು 2017ರ ಜುಲೈ 1ರಿಂದ ಪೂರ್ವಾನ್ವಯವಾಗಿ ಜಾರಿಗೆ ತರಲಾಯಿತು. ಆ ಆದೇಶದಲ್ಲಿ ನಮ್ಮ ಲೆಕ್ಕಕ್ಕೆ ಬೇಕಾದ ಮಾತುಗಳು ನಾಲ್ಕು.

ಮೊದಲನೆಯದು, ರಾತ್ರಿ ಎಂದರೆ ಯಾವುದು ಎಂಬುದು. ರಾತ್ರಿ 10 ಗಂಟೆಯಿಂದ ಬೆಳಿಗ್ಗೆ 6 ಗಂಟೆಯವರೆಗೆ ಮಾಡಿದ ಕೆಲಸವೇ ರಾತ್ರಿಯ ಕೆಲಸ. ಎರಡನೆಯದು, ಆ ಅವಧಿಯಲ್ಲಿ ಮಾಡಿದ ಪ್ರತಿ ಒಂದು ಗಂಟೆಯ ಕೆಲಸಕ್ಕೆ 10 ನಿಮಿಷದ ಹೆಚ್ಚುವರಿ ಎಣಿಕೆ. ಮೂರನೆಯದು, ಒಂದು ಗಂಟೆಯ ದರವನ್ನು ಕಂಡುಹಿಡಿಯಲು ನೌಕರನ ಮೂಲ ವೇತನಕ್ಕೆ ತುಟ್ಟಿಭತ್ಯೆಯನ್ನು ಕೂಡಿಸಿ 200ರಿಂದ ಭಾಗಿಸಬೇಕು. ನಾಲ್ಕನೆಯದು, ತಿಂಗಳ ಮೂಲ ವೇತನ 43,600 ರೂಪಾಯಿಯನ್ನು ಮೀರಿದವರಿಗೆ ಈ ಭತ್ಯೆ ಇಲ್ಲ.

ಇದರ ಜೊತೆಗೆ, ಆ ಕೆಲಸವನ್ನು ರಾತ್ರಿಯೇ ಮಾಡುವುದು ಅಗತ್ಯವಾಗಿತ್ತು ಎಂದು ಮೇಲ್ವಿಚಾರಕರು ದೃಢೀಕರಿಸಬೇಕು. ಅಂದರೆ ಹಾಜರಿ ಪುಸ್ತಕದಲ್ಲಿ ವೇಳೆ ಸರಿಯಾಗಿ ನಮೂದಾಗಿರಬೇಕು.

ಎರಡನೆಯ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ರಾತ್ರಿಯ ಒಂದು ಗಂಟೆಯನ್ನು ಒಂದು ಗಂಟೆ ಹತ್ತು ನಿಮಿಷ ಎಂದು ಎಣಿಸಲಾಗುತ್ತದೆ. ಆ ಒಂದು ಗಂಟೆಯ ಕೂಲಿ ಈಗಾಗಲೇ ತಿಂಗಳ ಸಂಬಳದಲ್ಲಿ ಸೇರಿದೆ. ಆದ್ದರಿಂದ ಭತ್ಯೆಯಾಗಿ ಸಿಗುವುದು ಮೇಲಿನ ಹತ್ತು ನಿಮಿಷದ ಹಣ ಮಾತ್ರ. ಹತ್ತು ನಿಮಿಷವೆಂದರೆ ಗಂಟೆಯ ಆರನೆಯ ಒಂದು ಭಾಗ. ‘ರಾತ್ರಿ ಕೆಲಸ ಮಾಡಿದರೆ ಡಬಲ್ ಸಂಬಳ’ ಎಂದುಕೊಂಡವರು ಚೀಟಿ ನೋಡಿ ನಿರಾಶರಾಗುವುದು ಇದೇ ಕಾರಣಕ್ಕೆ.

200 ಎಂಬ ಸಂಖ್ಯೆಯನ್ನು ನೆನಪಿಡಲು ಒಂದು ಉಪಾಯವಿದೆ. ದಿನಕ್ಕೆ 8 ಗಂಟೆಯಂತೆ 25 ದಿನ ಕೆಲಸ ಮಾಡಿದರೆ ಒಟ್ಟು 200 ಗಂಟೆಯಾಗುತ್ತದೆ. ತಿಂಗಳ ಹಣವನ್ನು ತಿಂಗಳ ಗಂಟೆಗಳಿಂದ ಭಾಗಿಸಿದಂತೆ ಇದು.

ಪಾಳಿಯ ಹೆಸರಲ್ಲ, ಗಂಟೆಗಳು ಮುಖ್ಯ

ಈಗ ಮೊದಲನೆಯ ಮಾತಿಗೆ ಹಿಂದಿರುಗೋಣ. ಆದೇಶವು ‘ರಾತ್ರಿ ಪಾಳಿಯಲ್ಲಿ ಇದ್ದವರಿಗೆ’ ಎನ್ನುವುದಿಲ್ಲ, ‘ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಾಡಿದ ಕೆಲಸಕ್ಕೆ’ ಎನ್ನುತ್ತದೆ. ಈ ಎರಡರ ನಡುವಿನ ವ್ಯತ್ಯಾಸದಲ್ಲೇ ನಮ್ಮ ಪ್ರಶ್ನೆಯ ಉತ್ತರ ಅಡಗಿದೆ. ಪಾಳಿಗೆ ಯಾವ ಹೆಸರಿದ್ದರೂ ಇರಲಿ, ಆ ಪಾಳಿಯ ಯಾವ ಭಾಗವು ಹತ್ತರಿಂದ ಆರರ ಕಿಟಕಿಯೊಳಗೆ ಬೀಳುತ್ತದೆಯೋ ಆ ಭಾಗವನ್ನಷ್ಟೇ ಅಳೆಯಬೇಕು.

ಸಂಜೆ 4ರಿಂದ ನಡುರಾತ್ರಿ 12ರವರೆಗಿನ ಪಾಳಿಯನ್ನು ಯಾರೂ ರಾತ್ರಿ ಪಾಳಿ ಎನ್ನುವುದಿಲ್ಲ. ಆದರೂ ಅದರಲ್ಲಿ ಹತ್ತರಿಂದ ಹನ್ನೆರಡರವರೆಗೆ ಎರಡು ಗಂಟೆ ರಾತ್ರಿಯ ಕೆಲಸವಿದೆ. ನಡುರಾತ್ರಿ 12ರಿಂದ ಬೆಳಿಗ್ಗೆ 8ರವರೆಗಿನದನ್ನು ಎಲ್ಲರೂ ರಾತ್ರಿ ಪಾಳಿ ಎನ್ನುತ್ತಾರೆ. ಆದರೆ ಅದರಲ್ಲಿ ಎಣಿಕೆಗೆ ಬರುವುದು ಆರು ಗಂಟೆ ಮಾತ್ರ. ಬೆಳಿಗ್ಗೆ ಆರರಿಂದ ಎಂಟರವರೆಗಿನ ಎರಡು ಗಂಟೆ ಕಿಟಕಿಯ ಹೊರಗೆ ಉಳಿಯುತ್ತದೆ.

ಕಣ್ಣಳತೆಯಲ್ಲಿ ಇಷ್ಟು ಹೇಳಬಹುದು. ಆದರೆ ವೇಳೆಗಳು ಅರೆಗಂಟೆ, ಕಾಲು ಗಂಟೆಗಳಲ್ಲಿ ಬಂದಾಗ ಮತ್ತು ಪಾಳಿಯು ನಡುರಾತ್ರಿಯನ್ನು ದಾಟಿದಾಗ ಕಣ್ಣಳತೆ ಕೈಕೊಡುತ್ತದೆ. ಸಂಜೆ 17:30ಕ್ಕೆ ಬಂದು 01:30ಕ್ಕೆ ಹೋದವರ ಕೆಲಸದ ಅವಧಿ ಎಷ್ಟು ಎಂದು ನೇರವಾಗಿ ಕಳೆದರೆ ಒಂದೂವರೆಯಿಂದ ಹದಿನೇಳೂವರೆಯನ್ನು ಕಳೆದಂತಾಗಿ ಉತ್ತರ ಋಣಸಂಖ್ಯೆಯಾಗುತ್ತದೆ. ಗಡಿಯಾರವು ನಡುರಾತ್ರಿ ಸೊನ್ನೆಗೆ ಮರಳುವುದೇ ಇದಕ್ಕೆ ಕಾರಣ.

ಮಧ್ಯಾಹ್ನದಿಂದ ಮಧ್ಯಾಹ್ನಕ್ಕೆ ಒಂದು ಗೆರೆ

ಇದಕ್ಕೆ ಸುಲಭವಾದ ಪರಿಹಾರವೆಂದರೆ ದಿನವನ್ನು ನಡುರಾತ್ರಿಯಿಂದಲ್ಲ, ಮಧ್ಯಾಹ್ನ 12ರಿಂದ ಆರಂಭಿಸುವುದು. ಕಾಗದದ ಮೇಲೆ 24 ಸೆಂಟಿಮೀಟರು ಉದ್ದದ ಒಂದು ಗೆರೆ ಎಳೆಯಿರಿ. ಒಂದು ಸೆಂಟಿಮೀಟರು ಒಂದು ಗಂಟೆ. ಎಡತುದಿಯಲ್ಲಿ 12 ಎಂದು ಬರೆದು, ಬಲಕ್ಕೆ 13, 14, 15 ಎಂದು ಮುಂದುವರಿಸಿ. ನಡುರಾತ್ರಿಗೆ 24 ಬಂದಾಗ ನಿಲ್ಲಬೇಡಿ. ರಾತ್ರಿ ಒಂದು ಗಂಟೆಗೆ 25, ಎರಡು ಗಂಟೆಗೆ 26 ಎಂದು ಬರೆಯುತ್ತಾ ಹೋಗಿ. ಬೆಳಿಗ್ಗೆ ಆರಕ್ಕೆ 30 ಬರುತ್ತದೆ, ಮರುದಿನದ ಮಧ್ಯಾಹ್ನಕ್ಕೆ 36 ಬರುತ್ತದೆ.

ಈಗ 22ರಿಂದ 30ರವರೆಗಿನ ಭಾಗವನ್ನು ಪೆನ್ಸಿಲ್‌ನಿಂದ ಗಟ್ಟಿಯಾಗಿ ತುಂಬಿ. ಇದೇ ನಮ್ಮ ರಾತ್ರಿ. ನೋಡಿ, ಅದು ಎಲ್ಲಿಯೂ ತುಂಡಾಗದೆ ಗೆರೆಯ ನಡುಭಾಗದಲ್ಲಿ ಇಡಿಯಾಗಿ ಕುಳಿತಿದೆ. ಪಾಳಿಯನ್ನು ಇದೇ ಗೆರೆಯ ಕೆಳಗೆ ಇನ್ನೊಂದು ಗೆರೆಯಾಗಿ ಎಳೆದರೆ, ಎರಡೂ ಒಂದರ ಮೇಲೊಂದು ಬಿದ್ದ ಉದ್ದವೇ ಭತ್ಯೆಗೆ ಅರ್ಹವಾದ ಅವಧಿ.

ಇದನ್ನೇ ಗೆರೆಯಿಲ್ಲದೆ ಲೆಕ್ಕದಲ್ಲಿ ಹೀಗೆ ಹೇಳಬಹುದು. ಮಧ್ಯಾಹ್ನಕ್ಕೆ ಮುಂಚಿನ ವೇಳೆಯಾದರೆ, ಇಲ್ಲವೇ ಪಾಳಿ ಸರಿಯಾಗಿ ಮಧ್ಯಾಹ್ನ 12ಕ್ಕೆ ಮುಗಿಯುವುದಾದರೆ, ಅದಕ್ಕೆ 24 ಕೂಡಿಸಿ. ಪಾಳಿಯ ಆರಂಭ ಮತ್ತು 22, ಇವೆರಡರಲ್ಲಿ ದೊಡ್ಡದನ್ನು ಆರಿಸಿಕೊಳ್ಳಿ. ಪಾಳಿಯ ಅಂತ್ಯ ಮತ್ತು 30, ಇವೆರಡರಲ್ಲಿ ಚಿಕ್ಕದನ್ನು ಆರಿಸಿಕೊಳ್ಳಿ. ಚಿಕ್ಕದರಿಂದ ದೊಡ್ಡದನ್ನು, ಅಂದರೆ ಅಂತ್ಯದಿಂದ ಆರಂಭವನ್ನು, ಕಳೆಯಿರಿ. ಉತ್ತರ ಸೊನ್ನೆಗಿಂತ ಕಡಿಮೆ ಬಂದರೆ ಆ ಪಾಳಿಯಲ್ಲಿ ರಾತ್ರಿಯ ಕೆಲಸವೇ ಇಲ್ಲವೆಂದು ತಿಳಿಯಿರಿ.

ನಮ್ಮ 17:30ರಿಂದ 01:30ರ ಪಾಳಿಯನ್ನು ಇದರಲ್ಲಿ ಹಾಕಿ ನೋಡೋಣ. ಆರಂಭ 17:30. ಅದಕ್ಕಿಂತ 22 ದೊಡ್ಡದು, ಆದ್ದರಿಂದ 22. ಅಂತ್ಯ 01:30, ಅದಕ್ಕೆ 24 ಕೂಡಿಸಿದರೆ 25:30. ಅದು 30ಕ್ಕಿಂತ ಚಿಕ್ಕದು, ಆದ್ದರಿಂದ 25:30. ಕಳೆದರೆ ಮೂರೂವರೆ ಗಂಟೆ. ಎಂಟು ಗಂಟೆಯ ಪಾಳಿಯಲ್ಲಿ ನಾಲ್ಕೂವರೆ ಗಂಟೆ ಸಂಜೆಯದು, ಮೂರೂವರೆ ಗಂಟೆ ರಾತ್ರಿಯದು.

ನಸುಕಿನಲ್ಲಿ ಆರಂಭವಾಗುವ ಪಾಳಿಗೂ ಇದೇ ಉಪಾಯ ಸಾಕು. ಬೆಳಗಿನ ಜಾವ 04:00ರಿಂದ ಮಧ್ಯಾಹ್ನ 12:00ರವರೆಗಿನ ಪಾಳಿಯು ನಮ್ಮ ಗೆರೆಯಲ್ಲಿ 28ರಿಂದ 36. ರಾತ್ರಿ ಮುಗಿಯುವುದು 30ಕ್ಕೆ. ಆದ್ದರಿಂದ 28ರಿಂದ 30ರವರೆಗೆ ಎರಡು ಗಂಟೆ. ಇದನ್ನು ‘ಬೆಳಗಿನ ಪಾಳಿ’ ಎಂದು ಬಿಟ್ಟುಬಿಟ್ಟರೆ ಆ ಎರಡು ಗಂಟೆ ಕಳೆದುಹೋಗುತ್ತದೆ.

ಒಂದೇ ಎಚ್ಚರಿಕೆ. ಪಾಳಿಯೇ ಮಧ್ಯಾಹ್ನ 12ನ್ನು ದಾಟುವುದಾದರೆ ಅದನ್ನು ಆ ಬಿಂದುವಿನಲ್ಲಿ ಎರಡಾಗಿ ಕತ್ತರಿಸಿ, ಪ್ರತಿ ತುಂಡನ್ನೂ ಅದರದರ ಗೆರೆಯ ಮೇಲೆ ಬೇರೆ ಬೇರೆಯಾಗಿ ಅಳೆದು ಕೂಡಿಸಿ.

ಒಂದು ತಿಂಗಳ ಪೂರ್ಣ ಲೆಕ್ಕ

ಈಗ ಒಬ್ಬ ನೌಕರರನ್ನು ಊಹಿಸಿಕೊಳ್ಳೋಣ. ಅವರು ಬೆಂಗಳೂರಿನಲ್ಲಿ ಕೇಂದ್ರ ಸರ್ಕಾರದ ಒಂದು ಕಚೇರಿಯ ಪಂಪ್‌ಹೌಸಿನಲ್ಲಿ ಪಾಳಿಯ ಮೇಲೆ ಕೆಲಸ ಮಾಡುವ ಆಪರೇಟರು. ತಿಂಗಳು 2023ರ ಜೂನ್. ಅವರ ಮೂಲ ವೇತನ 30,500 ರೂಪಾಯಿ. ಆಗ ಕೇಂದ್ರದ ತುಟ್ಟಿಭತ್ಯೆ ಮೂಲ ವೇತನದ ಶೇಕಡಾ 42.

ಮೊದಲು ಗಂಟೆಯ ದರ. 30,500ರ ಶೇಕಡಾ 42 ಎಂದರೆ 12,810. ಎರಡನ್ನೂ ಕೂಡಿಸಿದರೆ 43,310. ಅದನ್ನು 200ರಿಂದ ಭಾಗಿಸಿದರೆ 216 ರೂಪಾಯಿ 55 ಪೈಸೆ. ಇದು ಒಂದು ಪೂರ್ಣ ಗಂಟೆಯ ದರ.

ಮುಂದೆ ಗಂಟೆಗಳು. ಆ ತಿಂಗಳು ಅವರು ಸಂಜೆ 4ರಿಂದ ನಡುರಾತ್ರಿ 12ರ ಪಾಳಿಯನ್ನು ಏಳು ದಿನ ಮಾಡಿದರು. ನಡುರಾತ್ರಿ 12ರಿಂದ ಬೆಳಿಗ್ಗೆ 8ರ ಪಾಳಿಯನ್ನು ಎಂಟು ದಿನ ಮಾಡಿದರು. ಒಂದು ದಿನ ಪೈಪಿನ ದುರಸ್ತಿ ಇದ್ದುದರಿಂದ ಅವರ ಪಾಳಿಯನ್ನು 17:30ರಿಂದ 01:30ಕ್ಕೆ ಬದಲಿಸಲಾಗಿತ್ತು. ಉಳಿದ ದಿನಗಳು ಹಗಲಿನ ಪಾಳಿ ಮತ್ತು ರಜೆ.

ಏಳು ಸಂಜೆ ಪಾಳಿಗಳಲ್ಲಿ ತಲಾ 2 ಗಂಟೆಯಂತೆ 14 ಗಂಟೆ. ಎಂಟು ನಡುರಾತ್ರಿ ಪಾಳಿಗಳಲ್ಲಿ ತಲಾ 6 ಗಂಟೆಯಂತೆ 48 ಗಂಟೆ. ದುರಸ್ತಿಯ ದಿನ ಮೂರೂವರೆ ಗಂಟೆ. ಒಟ್ಟು 65 ಗಂಟೆ 30 ನಿಮಿಷ.

ಪ್ರತಿ ಗಂಟೆಗೆ 10 ನಿಮಿಷದಂತೆ ಅರವತ್ತೈದೂವರೆ ಗಂಟೆಗೆ 655 ನಿಮಿಷ. ಅಂದರೆ 10 ಗಂಟೆ 55 ನಿಮಿಷ. ಗಂಟೆಯ ದರ 216.55ನ್ನು 655ರಿಂದ ಗುಣಿಸಿ 60ರಿಂದ ಭಾಗಿಸಿ. ಉತ್ತರ 2,364 ರೂಪಾಯಿ. ಇದೇ ಆ ತಿಂಗಳಿಗೆ ಅವರಿಗೆ ಸಲ್ಲಬೇಕಾದ ರಾತ್ರಿ ಭತ್ಯೆ.

ಎಲ್ಲಿ ತಪ್ಪುತ್ತದೆ, ಹೇಗೆ ಗುರುತಿಸುವುದು?

ಅದೇ ತಿಂಗಳನ್ನು ಬೇರೆ ಬೇರೆ ತಪ್ಪುಗಳೊಂದಿಗೆ ಲೆಕ್ಕ ಹಾಕಿದರೆ ಏನಾಗುತ್ತದೆ ನೋಡಿ.

‘ಸೆಕೆಂಡ್ ಶಿಫ್ಟ್ ರಾತ್ರಿ ಪಾಳಿಯಲ್ಲ’ ಎಂದುಕೊಂಡು ಯಾರಾದರೂ ಏಳು ಸಂಜೆ ಪಾಳಿಗಳನ್ನೂ ದುರಸ್ತಿಯ ದಿನವನ್ನೂ ಬಿಟ್ಟರೆಂದು ಇಟ್ಟುಕೊಳ್ಳಿ. ಹದಿನೇಳೂವರೆ ಗಂಟೆ ಎಣಿಕೆಯಿಂದ ಹೋಯಿತು. ಅದಕ್ಕೆ ಸಲ್ಲುವ 175 ನಿಮಿಷದ ಹಣ 631 ರೂಪಾಯಿ 60 ಪೈಸೆ. ನೌಕರರಿಗೆ ಅಷ್ಟು ನಷ್ಟ. ಇದನ್ನು ಗುರುತಿಸುವ ಬಗೆ ಹೀಗೆ: ಚೀಟಿಯಲ್ಲಿರುವ ಭತ್ಯೆಯನ್ನು 6ರಿಂದ ಗುಣಿಸಿ ಗಂಟೆಯ ದರದಿಂದ ಭಾಗಿಸಿದರೆ, ಕಚೇರಿಯವರು ಎಷ್ಟು ಗಂಟೆ ಎಣಿಸಿದ್ದಾರೆ ಎಂಬುದು ಹೊರಬರುತ್ತದೆ. ಉತ್ತರ 48 ಬಂದರೆ ಸಂಜೆಯ ಪಾಳಿಗಳು ಪೂರ್ತಿ ಬಿಟ್ಟುಹೋಗಿವೆ ಎಂದು ಅರ್ಥ.

ತಪ್ಪು ಇನ್ನೊಂದು ದಿಕ್ಕಿನಲ್ಲೂ ಆಗಬಹುದು. ನಡುರಾತ್ರಿ ಪಾಳಿಗಳಲ್ಲಿ ಆರರ ಬದಲು ಎಂಟೂ ಗಂಟೆಯನ್ನು ಎಣಿಸಿದರೆ ಎಂಟು ದಿನಕ್ಕೆ 16 ಗಂಟೆ ಹೆಚ್ಚಾಗಿ, 577 ರೂಪಾಯಿ 47 ಪೈಸೆ ಹೆಚ್ಚಿಗೆ ಸಂದಾಯವಾಗುತ್ತದೆ. ಪಡೆದವರಿಗೆ ಲಾಭವೆಂದು ತೋರಬಹುದು. ಆದರೆ ಲೆಕ್ಕ ತಪಾಸಣೆಯಲ್ಲಿ ಸಿಕ್ಕಿಬಿದ್ದಾಗ ಹಲವು ತಿಂಗಳ ಹಣವನ್ನು ಒಟ್ಟಿಗೆ ಸಂಬಳದಿಂದ ಮುರಿದುಕೊಳ್ಳುವ ಪ್ರಸಂಗ ಬರಬಹುದು. ಅದು ಮನೆಯ ಖರ್ಚಿಗೆ ದೊಡ್ಡ ಪೆಟ್ಟು.

ಮೂರನೆಯದು ಬಹಳ ಸಣ್ಣ ತಪ್ಪು, ವಿದ್ಯಾರ್ಥಿಗಳಾದ ನೀವೂ ಮಾಡಬಹುದಾದದ್ದು. ‘65 ಗಂಟೆ 30 ನಿಮಿಷ’ ಎಂಬುದನ್ನು 65.30 ಎಂದು ಬರೆದುಕೊಂಡು, ಅದನ್ನೇ ದಶಾಂಶವೆಂದು ತಿಳಿದು ಗುಣಿಸುವುದು. ಅರ್ಧ ಗಂಟೆ ಎಂದರೆ 0.50, 0.30 ಅಲ್ಲ. ಗಂಟೆಯಲ್ಲಿ ಅರವತ್ತು ನಿಮಿಷ, ದಶಾಂಶದಲ್ಲಿ ನೂರು ಭಾಗ. ಇಲ್ಲಿ ತಪ್ಪಿದರೆ ಹೋಗುವುದು ಏಳು ರೂಪಾಯಿ ಚಿಲ್ಲರೆ ಮಾತ್ರ. ಆದರೆ ದಿನವೂ ವೇಳೆಯಲ್ಲಿ ಅರ್ಧ, ಮುಕ್ಕಾಲು ಗಂಟೆಗಳು ಬರುವ ಪಾಳಿಗಳಲ್ಲಿ ಅದು ಬೆಳೆಯುತ್ತಾ ಹೋಗುತ್ತದೆ. ಎಲ್ಲವನ್ನೂ ನಿಮಿಷಗಳಿಗೆ ಬದಲಿಸಿ, ಕೊನೆಯಲ್ಲಿ ಒಮ್ಮೆ ಮಾತ್ರ 60ರಿಂದ ಭಾಗಿಸುವುದು ಕ್ಷೇಮ.

ತಿಂಗಳು ಬದಲಾಗುವ ರಾತ್ರಿ

ಸಂಜೆಯನ್ನು ರಾತ್ರಿಯಿಂದ ಬೇರ್ಪಡಿಸುವ ಗೆರೆ ಹತ್ತು ಗಂಟೆಯದು. ಇದಲ್ಲದೆ ಪಾಳಿಯ ನಡುವೆ ಇನ್ನೊಂದು ಗೆರೆಯೂ ಹಾದುಹೋಗುತ್ತದೆ. ಅದು ನಡುರಾತ್ರಿ, ಅಂದರೆ ತಾರೀಖು ಬದಲಾಗುವ ಗಳಿಗೆ. ವರ್ಷದ ಬಹುಪಾಲು ರಾತ್ರಿಗಳಲ್ಲಿ ಅದರಿಂದ ಏನೂ ವ್ಯತ್ಯಾಸವಿಲ್ಲ. ಆದರೆ ಕೆಲವು ರಾತ್ರಿಗಳಲ್ಲಿ ವ್ಯತ್ಯಾಸವಿದೆ.

2020ರ ಆದೇಶವು ಇನ್ನೊಂದು ಮುಖ್ಯ ಬದಲಾವಣೆ ತಂದಿತು. ಅದಕ್ಕೆ ಮುಂಚೆ ಒಂದು ವೇತನ ದರ್ಜೆಯಲ್ಲಿದ್ದ ಎಲ್ಲರಿಗೂ ಒಂದೇ ದರದಲ್ಲಿ ಭತ್ಯೆ ಸಿಗುತ್ತಿತ್ತು. ಆ ಪದ್ಧತಿಯನ್ನು ನಿಲ್ಲಿಸಿ, ರಾತ್ರಿ ಕೆಲಸ ಮಾಡಿದ ದಿನಾಂಕದಂದು ಆಯಾ ನೌಕರರು ಪಡೆಯುತ್ತಿರುವ ಮೂಲ ವೇತನದ ಮೇಲೆಯೇ ಪ್ರತ್ಯೇಕವಾಗಿ ಲೆಕ್ಕ ಹಾಕಬೇಕೆಂದು ಅದು ಹೇಳಿತು. ಕೇಂದ್ರ ನೌಕರರ ವಾರ್ಷಿಕ ವೇತನ ಬಡ್ತಿ ಜನವರಿ 1ರಂದು ಇಲ್ಲವೇ ಜುಲೈ 1ರಂದು ಬರುತ್ತದೆ. ತುಟ್ಟಿಭತ್ಯೆಯ ಪರಿಷ್ಕರಣೆಯೂ ಇದೇ ಎರಡು ದಿನಾಂಕಗಳಿಂದ ಜಾರಿಯಾಗುತ್ತದೆ.

ನಮ್ಮ ಆಪರೇಟರ ದುರಸ್ತಿಯ ಪಾಳಿ ಜೂನ್ ತಿಂಗಳ ನಡುವಿನಲ್ಲಿ ಬಾರದೆ, ಜೂನ್ 30ರ ಸಂಜೆ 17:30ಕ್ಕೆ ಆರಂಭವಾಗಿ ಜುಲೈ 1ರ 01:30ಕ್ಕೆ ಮುಗಿಯಿತೆಂದು ಭಾವಿಸಿ. ಜುಲೈ 1ರಿಂದ ಅವರ ಮೂಲ ವೇತನ 31,400 ಆಯಿತು. ಅದೇ ದಿನದಿಂದ ತುಟ್ಟಿಭತ್ಯೆ ಶೇಕಡಾ 46 ಆಯಿತು. ಹೊಸ ಗಂಟೆಯ ದರ 229 ರೂಪಾಯಿ 22 ಪೈಸೆ.

‘ಕೆಲಸ ಮಾಡಿದ ದಿನಾಂಕ’ ಎಂಬ ಮಾತನ್ನು ಅಕ್ಷರಶಃ ಹಿಡಿದರೆ ಆ ಮೂರೂವರೆ ಗಂಟೆಯನ್ನು ನಡುರಾತ್ರಿಯಲ್ಲಿ ಕತ್ತರಿಸಬೇಕು. ಹತ್ತರಿಂದ ಹನ್ನೆರಡರವರೆಗಿನ ಎರಡು ಗಂಟೆಗೆ ಹಳೆಯ ದರ: 20 ನಿಮಿಷಕ್ಕೆ 72 ರೂಪಾಯಿ 18 ಪೈಸೆ. ಹನ್ನೆರಡರ ನಂತರದ ಒಂದೂವರೆ ಗಂಟೆಗೆ ಹೊಸ ದರ: 15 ನಿಮಿಷಕ್ಕೆ 57 ರೂಪಾಯಿ 31 ಪೈಸೆ. ಒಟ್ಟು 129 ರೂಪಾಯಿ 49 ಪೈಸೆ. ಇಡೀ ಪಾಳಿಯನ್ನು ಅದು ಆರಂಭವಾದ ದಿನದ ಲೆಕ್ಕಕ್ಕೇ ಸೇರಿಸಿದರೆ 126 ರೂಪಾಯಿ 32 ಪೈಸೆ.

ನಡುರಾತ್ರಿಯ ನಂತರದ ಗಂಟೆಗಳನ್ನು ಹಿಂದಿನ ದಿನಕ್ಕೆ ಸೇರಿಸುವ ಕ್ರಮವೂ ನಮ್ಮ ದೇಶಕ್ಕೆ ಹೊಸದಲ್ಲ. 1948ರ ಕಾರ್ಖಾನೆಗಳ ಕಾಯ್ದೆಯ 57ನೆಯ ಕಲಮು, ರಾತ್ರಿ ಪಾಳಿಯು ನಡುರಾತ್ರಿಯನ್ನು ದಾಟಿದಾಗ, ನಂತರದ ಗಂಟೆಗಳನ್ನು ಹಿಂದಿನ ದಿನದ ಕೆಲಸವೆಂದೇ ಎಣಿಸಬೇಕೆಂದು ಹೇಳಿತ್ತು. ಆದರೆ ಅದರ ಉದ್ದೇಶ ಬೇರೆ. ಒಬ್ಬ ಕಾರ್ಮಿಕನಿಂದ ದಿನಕ್ಕೆ ಎಷ್ಟು ಗಂಟೆ ಕೆಲಸ ಮಾಡಿಸಬಹುದು, ಅವನ ವಾರದ ರಜೆ ಎಲ್ಲಿಂದ ಆರಂಭ ಎಂಬುದನ್ನು ತೀರ್ಮಾನಿಸಲು ಅದು ಬೇಕಿತ್ತು. ಹಣದ ದರವನ್ನು ತೀರ್ಮಾನಿಸಲು ಅಲ್ಲ. ‘ದಿನ’ ಎಂಬ ಒಂದೇ ಪದ ಎರಡು ನಿಯಮಗಳಲ್ಲಿ ಎರಡು ಅರ್ಥ ಪಡೆಯಬಹುದು ಎಂಬುದನ್ನು ಇಲ್ಲಿ ಗಮನಿಸಿ.

ಬಡ್ತಿ ಬಂದರೂ ಕಡಿಮೆಯಾದ ಸಂಬಳ

ಮೂರು ರೂಪಾಯಿಯ ವ್ಯತ್ಯಾಸಕ್ಕೆ ಇಷ್ಟು ಮಾತೇಕೆ ಎಂದು ನೀವು ಕೇಳಬಹುದು. 43,600ರ ಮಿತಿಯ ಹತ್ತಿರ ಇರುವವರಿಗೆ ಅದು ಮೂರು ರೂಪಾಯಿಯ ಮಾತಲ್ಲ.

ಅದೇ ಪಂಪ್‌ಹೌಸಿನಲ್ಲಿ ಇನ್ನೊಬ್ಬ ಹಿರಿಯ ನೌಕರರಿದ್ದಾರೆ ಎಂದುಕೊಳ್ಳಿ. 2023ರ ಜೂನ್‌ನಲ್ಲಿ ಅವರ ಮೂಲ ವೇತನ ಸರಿಯಾಗಿ 43,600. ಮಿತಿಯನ್ನು ಮೀರಿಲ್ಲ, ಆದ್ದರಿಂದ ಭತ್ಯೆ ಸಿಗುತ್ತದೆ. ಅವರ ಗಂಟೆಯ ದರ 309 ರೂಪಾಯಿ 56 ಪೈಸೆ. ಅವರೂ ಅರವತ್ತೈದೂವರೆ ಗಂಟೆ ರಾತ್ರಿ ಕೆಲಸ ಮಾಡಿದ್ದರೆ ಜೂನ್ ತಿಂಗಳ ಭತ್ಯೆ 3,379 ರೂಪಾಯಿ 36 ಪೈಸೆ.

ಜುಲೈ 1ರಂದು ಅವರಿಗೆ ವಾರ್ಷಿಕ ಬಡ್ತಿ ಬಂತು. ಮೂಲ ವೇತನ 44,900 ಆಯಿತು, ಅಂದರೆ 1,300 ರೂಪಾಯಿ ಹೆಚ್ಚು. ಆ 1,300ರ ಮೇಲೆ ಶೇಕಡಾ 46ರ ತುಟ್ಟಿಭತ್ಯೆ 598. ಬೆಂಗಳೂರಿಗೆ ಆಗ ಇದ್ದ ಶೇಕಡಾ 27ರ ಮನೆ ಬಾಡಿಗೆ ಭತ್ಯೆ 351. ಬಡ್ತಿಯಿಂದ ಒಟ್ಟು ಬಂದದ್ದು 2,249 ರೂಪಾಯಿ. ಆದರೆ 43,600ನ್ನು ಮೀರಿದ್ದರಿಂದ ರಾತ್ರಿ ಭತ್ಯೆ ಪೂರ್ತಿ ನಿಂತಿತು. ಅಷ್ಟೇ ರಾತ್ರಿಗಳನ್ನು ಎಚ್ಚರವಿದ್ದು ಕಳೆದರೂ ಜುಲೈನಲ್ಲಿ ಹೋದದ್ದು 3,379 ರೂಪಾಯಿಗಿಂತ ಹೆಚ್ಚು. ಎಲ್ಲರಿಗೂ ಬರುವ ತುಟ್ಟಿಭತ್ಯೆಯ ಏರಿಕೆಯನ್ನು ಪಕ್ಕಕ್ಕಿಟ್ಟು ನೋಡಿದರೆ, ಬಡ್ತಿ ಬಂದ ತಿಂಗಳಲ್ಲಿ ಅವರಿಗೆ ಸಾವಿರದ ನೂರಕ್ಕೂ ಹೆಚ್ಚು ರೂಪಾಯಿ ಕಡಿಮೆಯಾಯಿತು.

ಜೂನ್ 30ರ ರಾತ್ರಿ ಅವರು 17:30ರ ಪಾಳಿಯಲ್ಲಿದ್ದರೆ, ಹನ್ನೆರಡರವರೆಗಿನ ಎರಡು ಗಂಟೆಗೆ 103 ರೂಪಾಯಿ 19 ಪೈಸೆ ಸಿಗುತ್ತದೆ. ಗಡಿಯಾರ ಹನ್ನೆರಡು ಹೊಡೆದ ಮೇಲೆ ಅದೇ ಕುರ್ಚಿಯಲ್ಲಿ ಕುಳಿತು ಮಾಡಿದ ಒಂದೂವರೆ ಗಂಟೆಗೆ ಸೊನ್ನೆ. ಲೆಕ್ಕ ತಪ್ಪಿಲ್ಲ, ನಿಯಮದ ಪ್ರಕಾರವೇ ಇದೆ. ಮಿತಿಯನ್ನು ದಾಟಿದವರಿಗೆ ಭತ್ಯೆಯನ್ನು ಮೆಲ್ಲಗೆ ಇಳಿಸದೆ ಒಮ್ಮೆಗೇ ನಿಲ್ಲಿಸುವ ಯಾವುದೇ ನಿಯಮದಲ್ಲೂ ಇಂಥ ಮೆಟ್ಟಿಲು ಇದ್ದೇ ಇರುತ್ತದೆ.

ಗೆರೆಯನ್ನು ಬೇರೆ ಕಡೆ ಎಳೆದರೆ?

ಸಂಜೆ ಮತ್ತು ರಾತ್ರಿಯನ್ನು ಗಂಟೆಗಂಟೆಯಾಗಿ ಬಿಡಿಸುವುದೊಂದೇ ದಾರಿಯಲ್ಲ. ಅಮೆರಿಕದ ಕೇಂದ್ರ ಸರ್ಕಾರದಲ್ಲಿ ಗಂಟೆ ಕೂಲಿಯ ಮೇಲೆ ದುಡಿಯುವ ಕುಶಲ ಕೆಲಸಗಾರರಿಗೆ ಬೇರೊಂದು ನಿಯಮವಿದೆ. ಅಲ್ಲಿ ಪಾಳಿಯ ಅರ್ಧಕ್ಕಿಂತ ಹೆಚ್ಚು ಗಂಟೆಗಳು ಮಧ್ಯಾಹ್ನ 3ರಿಂದ ನಡುರಾತ್ರಿಯವರೆಗಿನ ಅವಧಿಯಲ್ಲಿ ಬಿದ್ದರೆ ಇಡೀ ಪಾಳಿಗೆ ಶೇಕಡಾ ಏಳೂವರೆ ಹೆಚ್ಚು ಕೂಲಿ. ಅರ್ಧಕ್ಕಿಂತ ಹೆಚ್ಚು ಗಂಟೆಗಳು ರಾತ್ರಿ 11ರಿಂದ ಬೆಳಿಗ್ಗೆ 8ರವರೆಗಿನ ಅವಧಿಯಲ್ಲಿ ಬಿದ್ದರೆ ಇಡೀ ಪಾಳಿಗೆ ಶೇಕಡಾ ಹತ್ತು ಹೆಚ್ಚು.

ನಮ್ಮ 17:30ರಿಂದ 01:30ರ ಪಾಳಿಯನ್ನು ಅಲ್ಲಿಗೆ ಒಯ್ದರೆ ಆರೂವರೆ ಗಂಟೆ ಸಂಜೆಯ ಅವಧಿಯಲ್ಲಿ ಬೀಳುತ್ತದೆ. ಆದ್ದರಿಂದ ಎಂಟೂ ಗಂಟೆಗೆ ಶೇಕಡಾ ಏಳೂವರೆ. ಅಲ್ಲಿ ಪಾಳಿಯ ಗುಣ ಯಾವುದೆಂದು ಬಹುಮತದಿಂದ ತೀರ್ಮಾನಿಸುತ್ತಾರೆ, ನಮ್ಮಲ್ಲಿ ಪ್ರತಿ ಗಂಟೆಯನ್ನೂ ಬೇರೆಯಾಗಿ ತೂಗುತ್ತಾರೆ. ಬಹುಮತದ ಪದ್ಧತಿಯಲ್ಲಿ ಲೆಕ್ಕ ಸರಳ. ಆದರೆ ಪಾಳಿಯನ್ನು ಅರ್ಧ ಗಂಟೆ ಹಿಂದೆ ಮುಂದೆ ಸರಿಸಿದರೆ ಇಡೀ ಪಾಳಿಯ ದರವೇ ಬದಲಾಗಬಹುದು. ಗಂಟೆಗಂಟೆಯ ಪದ್ಧತಿಯಲ್ಲಿ ಬರವಣಿಗೆ ಹೆಚ್ಚು. ಆದರೆ ಅರ್ಧ ಗಂಟೆ ಸರಿದರೆ ಅರ್ಧ ಗಂಟೆಯ ಹಣ ಮಾತ್ರ ಬದಲಾಗುತ್ತದೆ.

ಆದ್ದರಿಂದ ಯಾವುದೇ ಸಂಬಳದ ಚೀಟಿಯನ್ನು ಪರಿಶೀಲಿಸುವ ಮುನ್ನ ಆ ಸಂಸ್ಥೆಯ ಆದೇಶದಲ್ಲೋ ಒಪ್ಪಂದದಲ್ಲೋ ಮೂರು ಸಂಗತಿಗಳನ್ನು ಓದಿ ತಿಳಿಯಿರಿ: ರಾತ್ರಿ ಎಷ್ಟು ಗಂಟೆಗೆ ಆರಂಭವಾಗಿ ಎಷ್ಟಕ್ಕೆ ಮುಗಿಯುತ್ತದೆ, ಎಣಿಕೆ ಗಂಟೆಗೋ ಪಾಳಿಗೋ, ಮತ್ತು ಭತ್ಯೆ ನಿಲ್ಲುವ ಮಿತಿ ಎಷ್ಟು. ದರ, ಶೇಕಡಾವಾರು, ಮಿತಿ ಇವು ಹೊಸ ಆದೇಶಗಳೊಂದಿಗೆ ಬದಲಾಗಬಹುದಾದ್ದರಿಂದ, ಯಾವ ತಿಂಗಳ ಚೀಟಿಯೋ ಆ ತಿಂಗಳಲ್ಲಿ ಜಾರಿಯಲ್ಲಿದ್ದ ಅಂಕಿಗಳನ್ನೇ ಬಳಸಬೇಕು.

ನಿಮಗೊಂದು ಲೆಕ್ಕ

ಕೊನೆಯದಾಗಿ, ಇದನ್ನು ನೀವೇ ಮಾಡಿ ನೋಡಿ. ನಮ್ಮ ಮೊದಲನೆಯ ಆಪರೇಟರು 2023ರ ಜೂನ್ 12ರ ರಾತ್ರಿ 20:15ಕ್ಕೆ ಕೆಲಸಕ್ಕೆ ಬಂದು, ಮರುದಿನ ಬೆಳಿಗ್ಗೆ 04:15ಕ್ಕೆ ಹೋದರೆ ಆ ಒಂದು ಪಾಳಿಗೆ ಭತ್ಯೆ ಎಷ್ಟು? ಗೆರೆ ಎಳೆಯಿರಿ, ಹತ್ತು ಗಂಟೆಯ ಗುರುತು ಮಾಡಿ, ನಿಮಿಷಗಳಲ್ಲಿ ಎಣಿಸಿ. ನಿಮ್ಮ ಉತ್ತರ 225 ರೂಪಾಯಿ 57 ಪೈಸೆ ಬಂದಿದ್ದರೆ ಸರಿ. ಬೇರೆ ಬಂದಿದ್ದರೆ, ಮೊದಲು ಕಾಲು ಗಂಟೆಯನ್ನು 0.15 ಎಂದು ಬರೆದಿದ್ದೀರಾ ಎಂದು ನೋಡಿಕೊಳ್ಳಿ. ಆಮೇಲೆ ಮನೆಯಲ್ಲಿ ಪಾಳಿಗೆ ಹೋಗುವವರಿದ್ದರೆ ಅವರ ಕಳೆದ ತಿಂಗಳ ಚೀಟಿಯನ್ನೂ ಹಾಜರಿಯ ವೇಳೆಗಳನ್ನೂ ಕೇಳಿ ಪಡೆದು, ಅವರ ಪಕ್ಕದಲ್ಲೇ ಕುಳಿತು ಒಮ್ಮೆ ಲೆಕ್ಕ ಹಾಕಿ.